ಪರದೆ ಒಡೆದರೂ ಲಾಗಿನ್ ಒಡೆಯುವುದಿಲ್ಲ

ಹೊಸ ಟಿವಿ ಇಳಿಸಿ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಒಯ್ಯಲು ಬರುವ ಹುಡುಗರು ನೋಡುವುದು ಇಷ್ಟೇ: ಟಿವಿ ಆನ್ ಆಗುತ್ತದೆಯೇ, ಪರದೆಯಲ್ಲಿ ಗೆರೆ ಬಿದ್ದಿದೆಯೇ, ರಿಮೋಟ್ ಇದೆಯೇ. ಗೋಡೆಯ ಸ್ಕ್ರೂ ಬಿಚ್ಚಿ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಲಿಫ್ಟ್‌ನಲ್ಲಿ ಇಳಿಸಲು ಅವರಿಗೆ ಹೆಚ್ಚು ಹೊತ್ತು ಬೇಡ. ಅದರೊಳಗೆ ಯಾರ ನೆಟ್‌ಫ್ಲಿಕ್ಸ್ ಇದೆ, ಯಾರ ಜಿಮೇಲ್ ಇದೆ ಎಂದು ಅವರು ಕೇಳುವುದಿಲ್ಲ. ಕೇಳುವುದು ಅವರ ಕೆಲಸವೂ ಅಲ್ಲ. ಮನೆಯವರಿಗಾದರೋ ಆ ಹೊತ್ತಿನಲ್ಲಿ ಹಳೆಯ ಟಿವಿಯ ಹಿಂದೆ ಕಪ್ಪಾಗಿದ್ದ ಗೋಡೆಯದೇ ಚಿಂತೆ.

ಚೆನ್ನಾಗಿ ಓಡುತ್ತಿರುವ ಟಿವಿಯನ್ನು ಕೊಡುವಾಗಲಾದರೂ ಯಾರಾದರೊಬ್ಬರಿಗೆ ಲಾಗ್‌ಔಟ್ ನೆನಪಾಗುತ್ತದೆ. ಒಡೆದ ಟಿವಿಯ ವಿಷಯದಲ್ಲಿ ಅದೂ ಇಲ್ಲ. ನನಗೆ ಪರಿಚಯವಿರುವ ಒಂದು ಮನೆಯಲ್ಲಿ ಮಗನ ಬ್ಯಾಟು ತಗುಲಿ 43 ಇಂಚಿನ ಗೂಗಲ್ ಟಿವಿಯ ಪರದೆ ಸೀಳಿತು. ಹೊಸ ಪ್ಯಾನೆಲ್ ಹಾಕಿಸುವ ಖರ್ಚು ಕೇಳಿದರೆ ಇನ್ನಷ್ಟು ದುಡ್ಡು ಸೇರಿಸಿ ಹೊಸ ಟಿವಿಯನ್ನೇ ತರಬಹುದಿತ್ತು. ರಿಪೇರಿಗೆ ಬಂದವನೇ ಒಂದಿಷ್ಟು ಕೊಟ್ಟು ಹಳೆಯದನ್ನು ಒಯ್ದ. "ಒಡೆದು ಹೋಗಿರೋ ಟಿವಿ, ಅದ್ರಲ್ಲೇನ್ರೀ ಲಾಗ್‌ಔಟ್ ಮಾಡೋದು?" ಎಂದರು ಮನೆಯ ಯಜಮಾನರು. ಕೆಲವು ವಾರಗಳ ನಂತರ ಅವರ ಯೂಟ್ಯೂಬಿನಲ್ಲಿ ಟೈಲ್ಸ್ ಹಾಕುವುದು ಹೇಗೆ ಎಂಬ ವಿಡಿಯೊಗಳು ಸಾಲುಗಟ್ಟಿ ಬರತೊಡಗಿದವು. ನೆಟ್‌ಫ್ಲಿಕ್ಸ್‌ನ "Continue Watching" ಸಾಲಿನಲ್ಲಿ ಮನೆಯಲ್ಲಿ ಯಾರೂ ನೋಡದ ತಮಿಳು ಸಿನಿಮಾ ಅರ್ಧಕ್ಕೆ ನಿಂತಿತ್ತು. ಮೊದಲು ಮಗನ ಮೇಲೆ ಅನುಮಾನ, ಆಮೇಲೆ ಮನೆಗೆ ಬಂದು ಹೋದ ಭಾವಮೈದನ ಮೇಲೆ. ಮಾರಿದ ಟಿವಿಯ ನೆನಪು ಯಾರಿಗೂ ಬರಲಿಲ್ಲ.

ಟಿವಿ ಬಿಚ್ಚಿ ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ನಾವು ಟಿವಿ ಎಂದು ಕರೆಯುವುದರಲ್ಲಿ ಮುಂದಿನ ಗಾಜು ಒಂದು ಭಾಗ, ಹಿಂದಿನ ಮುಚ್ಚಳದೊಳಗೆ ಅಂಗೈಗಿಂತ ತುಸು ದೊಡ್ಡದಿರುವ ಮೇನ್ ಬೋರ್ಡ್ ಇನ್ನೊಂದು ಭಾಗ. ವೈಫೈ, ಆ್ಯಪ್‌ಗಳು, ಖಾತೆಗಳು ಎಲ್ಲವೂ ಆ ಬೋರ್ಡಿಗೆ ಬೆಸೆದಿರುವ ಮೆಮೊರಿ ಚಿಪ್ಪಿನಲ್ಲಿ ಇರುತ್ತವೆ. ಮೊಬೈಲ್‌ನಲ್ಲಿರುವಂಥದೇ ಚಿಪ್ಪು ಅದು. ಕರೆಂಟ್ ಹೋದರೂ ಅದರಲ್ಲಿ ಬರೆದದ್ದು ಅಳಿಯುವುದಿಲ್ಲ. ಬ್ಯಾಟು ಬಿದ್ದದ್ದು ಗಾಜಿಗೆ, ಬೋರ್ಡಿಗೆ ಏನೂ ಆಗಿರುವುದಿಲ್ಲ. ರಿಪೇರಿಯವರಿಗೆ ಒಡೆದ ಟಿವಿ ಲಾಭದ ಸರಕಾಗುವುದೂ ಈ ಕಾರಣಕ್ಕೇ. ಒಂದರ ಬೋರ್ಡ್, ಅದೇ ಮಾಡೆಲ್‌ನ ಇನ್ನೊಂದರ ಪ್ಯಾನೆಲ್ ಸೇರಿದರೆ ಓಡುವ ಒಂದು ಟಿವಿ ಸಿದ್ಧ. ಆನ್ ಮಾಡಿದರೆ ಅದು ಹಳೆಯ ಮಾಲೀಕರ ಹೆಸರನ್ನೇ ತೋರಿಸುತ್ತದೆ. ಕೊಂಡವರು ತಮ್ಮ ವೈಫೈ ಪಾಸ್‌ವರ್ಡ್ ಹಾಕಿದರೆ ಮುಗಿಯಿತು, ಮೊದಲಿನ ಮನೆಯವರ ಚಂದಾ ಹೊಸ ಮನೆಯಲ್ಲಿ ಮುಂದುವರಿಯುತ್ತದೆ. ಅವರಲ್ಲಿ ಕೆಟ್ಟ ಉದ್ದೇಶ ಇರಬೇಕೆಂದೇನೂ ಇಲ್ಲ. ಟಿವಿ ಜತೆ ಅದೂ ಬಂದಿದೆ ಎಂದೇ ಎಷ್ಟೋ ಜನ ತಿಳಿಯುತ್ತಾರೆ.

ವಿಷಯ ಗೊತ್ತಾದ ಮೇಲೆ ಹೆಚ್ಚಿನವರು ಮಾಡುವ ಮೊದಲ ಕೆಲಸ ಪಾಸ್‌ವರ್ಡ್ ಬದಲಿಸುವುದು. ಇದು ಕೆಲವೊಮ್ಮೆ ಫಲಿಸುತ್ತದೆ, ಕೆಲವೊಮ್ಮೆ ಇಲ್ಲ. ಏಕೆಂದರೆ ಟಿವಿಯೊಳಗೆ ಇರುವುದು ನಿಮ್ಮ ಪಾಸ್‌ವರ್ಡ್ ಅಲ್ಲ. ಮೊದಲ ಸಲ ಲಾಗಿನ್ ಆದದ್ದನ್ನು ನೆನಪಿಸಿಕೊಳ್ಳಿ. ರಿಮೋಟಿನಲ್ಲಿ ಒಂದೊಂದೇ ಅಕ್ಷರ ಒತ್ತುವ ಕಷ್ಟ ಬೇಡವೆಂದು ಟಿವಿಯ ಮೇಲೆ ಒಂದು ಚಿಕ್ಕ ಕೋಡ್ ಅಥವಾ ಕ್ಯುಆರ್ ಚೌಕ ಮೂಡುತ್ತದೆ. ಮೊಬೈಲ್‌ನಲ್ಲಿ youtube.com/activate ತರಹದ ಪುಟಕ್ಕೆ ಹೋಗಿ ಆ ಕೋಡ್ ಹಾಕಿ "ಹೌದು, ಈ ಟಿವಿ ನನ್ನದೇ" ಎಂದು ಒಪ್ಪಿಗೆ ಕೊಡುತ್ತೀರಿ. ಆ ಕ್ಷಣದಲ್ಲಿ ಕಂಪನಿಯ ಸರ್ವರ್ ಟಿವಿಗೆ ಒಂದು ಟೋಕನ್ ಕೊಡುತ್ತದೆ. ಉದ್ದನೆಯ, ಓದಿದರೆ ಅರ್ಥವಾಗದ ಅಕ್ಷರಗಳ ಸಾಲು ಅದು. ಕೀಲಿಮಣೆ ಇಲ್ಲದ ಸಾಧನಗಳಿಗೆಂದೇ ರೂಪಿಸಿದ ಈ ಪದ್ಧತಿ 2019ರಲ್ಲಿ RFC 8628 ಎಂಬ ಹೆಸರಿನಲ್ಲಿ ಅಂತರ್ಜಾಲದ ಮಾನದಂಡವಾಯಿತು. ಅಂದಿನಿಂದ ಟಿವಿ ಪ್ರತಿ ಸಲ ತೋರಿಸುವುದು ಆ ಟೋಕನ್ನನ್ನು. ಅದರ ಅವಧಿ ಮುಗಿಯುತ್ತ ಬಂದಾಗ ಟಿವಿಯೇ ಸದ್ದಿಲ್ಲದೆ ಹೊಸದನ್ನು ಕೇಳಿ ಪಡೆಯುತ್ತದೆ. ವರ್ಷಗಟ್ಟಲೆ ನಮಗೆ ಮತ್ತೆ ಲಾಗಿನ್ ಕೇಳದಿರುವುದು ಇದರಿಂದಲೇ.

ಪಾಸ್‌ವರ್ಡ್ ಬದಲಾದಾಗ ಹಳೆಯ ಟೋಕನ್ನುಗಳನ್ನೂ ರದ್ದು ಮಾಡಬೇಕೇ ಎನ್ನುವುದು ಕಂಪನಿಗೆ ಬಿಟ್ಟದ್ದು. ನೆಟ್‌ಫ್ಲಿಕ್ಸ್ ಪಾಸ್‌ವರ್ಡ್ ಬದಲಿಸುವ ಪುಟದಲ್ಲೇ ಎಲ್ಲ ಸಾಧನಗಳನ್ನೂ ಹೊರಹಾಕಲೇ ಎಂದು ಕೇಳುತ್ತದೆ. ಆ ಚೌಕದಲ್ಲಿ ಟಿಕ್ ಇದೆಯೇ ಎಂದು ನೋಡಿಕೊಳ್ಳಬೇಕು. ಗೂಗಲ್ ಎಲ್ಲ ಕಡೆಯೂ ಲಾಗ್‌ಔಟ್ ಮಾಡುತ್ತದೆ, ಆದರೆ ತನ್ನ ಸಹಾಯಪುಟದಲ್ಲಿ ಕೆಲವು ವಿನಾಯಿತಿಗಳನ್ನು ಹೇಳಿಕೊಂಡಿದೆ: ಖಾತೆಗೆ ಪ್ರವೇಶ ಕೊಟ್ಟಿರುವ ಕೆಲವು ಮನೆಬಳಕೆಯ ಸಾಧನಗಳು, ಬೇರೆ ಕಂಪನಿಗಳ ಆ್ಯಪ್ ಇರುವ ಕೆಲವು ಸಾಧನಗಳು ಒಳಗೇ ಉಳಿಯಬಹುದು. ಜಿಯೋಹಾಟ್‌ಸ್ಟಾರ್‌ಗೆ ಮೊಬೈಲ್ ನಂಬರು ಮತ್ತು ಒಟಿಪಿ ಕೊಟ್ಟು ಒಳಹೋದವರಿಗಂತೂ ಬದಲಿಸಲು ಪಾಸ್‌ವರ್ಡೇ ಇಲ್ಲ. ಹೀಗಾಗಿ ಪಾಸ್‌ವರ್ಡಿನ ಹಿಂದೆ ಹೋಗುವ ಬದಲು ಟೋಕನ್ನನ್ನೇ ಹಿಡಿಯುವುದು ಮೇಲು. ಅದಕ್ಕೆ ಎರಡು ತುದಿಗಳಿವೆ. ಒಂದು ಟಿವಿಯಲ್ಲಿ, ಇನ್ನೊಂದು ಕಂಪನಿಯ ಲೆಕ್ಕದಲ್ಲಿ. ಟಿವಿ ಕೈಯಲ್ಲಿದ್ದರೆ ಎರಡನ್ನೂ ಕತ್ತರಿಸಬಹುದು. ಟಿವಿ ಕೈಬಿಟ್ಟು ಹೋಗಿದ್ದರೆ ಎರಡನೆಯದು ಮಾತ್ರ ಉಳಿಯುತ್ತದೆ, ಆದರೆ ಅಷ್ಟೇ ಸಾಕು.

ಟಿವಿ ಚೆನ್ನಾಗಿದೆ, ಬೆಂಗಳೂರಿನಿಂದ ಹಾಸನದ ಅಮ್ಮನ ಮನೆಗೆ ಹೋಗಬೇಕಾಗಿದೆ ಎಂದುಕೊಳ್ಳೋಣ. ಗೂಗಲ್ ಟಿವಿ, ಅದರಲ್ಲಿ ನೆಟ್‌ಫ್ಲಿಕ್ಸ್, ಪ್ರೈಮ್ ವಿಡಿಯೊ, ಜಿಯೋಹಾಟ್‌ಸ್ಟಾರ್, ಯೂಟ್ಯೂಬ್ ಇವೆ. ಇಲ್ಲಿ ಅನುಕ್ರಮ ಮುಖ್ಯ. ಬಹಳ ಜನ ಮೊದಲೇ ವೈಫೈ ಮರೆಸಿಬಿಡುತ್ತಾರೆ, ಅಥವಾ ರೂಟರ್ ಬಿಚ್ಚಿಟ್ಟ ಮೇಲೆ ಟಿವಿಗೆ ಕೈ ಹಾಕುತ್ತಾರೆ. ನೆಟ್ ಇಲ್ಲದೆ ಲಾಗ್‌ಔಟ್ ಮಾಡಿದರೆ ಆ ಸುದ್ದಿ ಕಂಪನಿಗೆ ಮುಟ್ಟುವುದಿಲ್ಲ. ಆದ್ದರಿಂದ ವೈಫೈ ಕಡೆಯವರೆಗೂ ಇರಲಿ.

ಮೊದಲು ಒಂದೊಂದೇ ಆ್ಯಪ್ ತೆರೆದು ಹೊರಬರಬೇಕು. ನೆಟ್‌ಫ್ಲಿಕ್ಸ್‌ನಲ್ಲಿ ಎಡಗಡೆಯ ಮೆನುವಿನ ಕೊನೆಗೆ ಹೋದರೆ "Get Help", ಅದರೊಳಗೆ "Sign out". ಮೆನು ಸಿಗದಿದ್ದರೆ, ಅಥವಾ ಆ್ಯಪ್ ಏನೋ ದೋಷ ತೋರಿಸಿ ನಿಂತಿದ್ದರೆ, ರಿಮೋಟಿನ ಬಾಣದ ಗುಂಡಿಗಳಿಂದ ಒಂದು ಗುಟ್ಟಿನ ದಾರಿ ಇದೆ: ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಮತ್ತೆ ನಾಲ್ಕು ಸಲ ಮೇಲೆ. ಸರಿಯಾಗಿ ಒತ್ತಿದರೆ "Sign out" ಇರುವ ಪರದೆ ಬರುತ್ತದೆ. ಕೆಲವು ಟಿವಿಗಳಲ್ಲಿ ಅದರ ಹೆಸರು "Deactivate" ಎಂದಿರುತ್ತದೆ. ಹಳೆಯ ವಿಡಿಯೊ ಗೇಮುಗಳ ಚೀಟ್ ಕೋಡ್ ನೆನಪಿರುವವರಿಗೆ ಇದರ ಮೊದಲರ್ಧ ತಟ್ಟನೆ ಗುರುತು ಸಿಗುತ್ತದೆ. ಪ್ರೈಮ್ ಮತ್ತು ಜಿಯೋಹಾಟ್‌ಸ್ಟಾರ್‌ಗಳಲ್ಲಿ ಸೆಟಿಂಗ್ಸ್ ಒಳಗೆ ಹೋದರೆ ಸಾಕು, ವಿಶೇಷವೇನಿಲ್ಲ.

ಆ್ಯಪ್‌ಗಳಾದ ಮೇಲೆ ಗೂಗಲ್ ಖಾತೆ. ಸೆಟಿಂಗ್ಸ್‌ನಲ್ಲಿ "Accounts & Sign-in" ಎಂಬಲ್ಲಿ ಮನೆಯವರ ಹೆಸರುಗಳಿರುತ್ತವೆ. ಅಪ್ಪನದೊಂದೇ ಇರುತ್ತದೆ ಎಂದುಕೊಂಡಿದ್ದರೆ ಮಗಳದೂ ಇರಬಹುದು, ಒಮ್ಮೆ ಕ್ರಿಕೆಟ್ ನೋಡಲು ಬಂದ ಗೆಳೆಯನದೂ ಇರಬಹುದು. ಪ್ರತಿಯೊಂದನ್ನೂ ಆರಿಸಿ "Remove" ಮಾಡಬೇಕು. ಜನ ಇಲ್ಲೇ ಎಡವುವುದು: ಗೂಗಲ್ ಖಾತೆ ತೆಗೆದರೆ ಎಲ್ಲವೂ ಹೋಯಿತು ಎಂದುಕೊಳ್ಳುತ್ತಾರೆ. ಹೋಗುವುದು ಯೂಟ್ಯೂಬ್, ಪ್ಲೇಸ್ಟೋರ್‌ನಂಥ ಗೂಗಲ್‌ನದೇ ಸೇವೆಗಳು ಮಾತ್ರ. ನೆಟ್‌ಫ್ಲಿಕ್ಸ್, ಪ್ರೈಮ್ ತಮ್ಮ ಟೋಕನ್ ಇಟ್ಟುಕೊಂಡು ಹಾಗೇ ಕುಳಿತಿರುತ್ತವೆ.

ಕಡೆಗೆ ಫ್ಯಾಕ್ಟರಿ ರಿಸೆಟ್. ಗೂಗಲ್ ಟಿವಿಯಲ್ಲಿ ಸಾಮಾನ್ಯವಾಗಿ Settings, System, About ದಾಟಿದರೆ "Factory reset" ಅಥವಾ ಬರೀ "Reset" ಇರುತ್ತದೆ. ಸ್ಯಾಮ್‌ಸಂಗ್‌ನಲ್ಲಿ General ವಿಭಾಗದ "Reset". ಪಿನ್ ಕೇಳಿದರೆ, ನೀವು ಬದಲಿಸಿರದಿದ್ದರೆ ಅದು 0000. ಎಲ್‌ಜಿಯಲ್ಲಿ ಇದರ ಹೆಸರು "Reset to Initial Settings". ಪಿಕ್ಚರ್ ಮೆನುವಿನಲ್ಲೂ ಒಂದು ರಿಸೆಟ್ ಇರುತ್ತದೆ. ಅದು ಬಣ್ಣ, ಬೆಳಕನ್ನು ಮೊದಲಿನಂತೆ ಮಾಡುತ್ತದೆಯೇ ಹೊರತು ಖಾತೆಯ ತಂಟೆಗೆ ಹೋಗುವುದಿಲ್ಲ. ಯಾವುದು ನಡೆಯಿತು ಎಂದು ತಿಳಿಯುವುದು ಸುಲಭ. ನಿಜವಾದ ಫ್ಯಾಕ್ಟರಿ ರಿಸೆಟ್ ಆದರೆ ಟಿವಿ ತಾನೇ ಆಫ್ ಆಗಿ ಮತ್ತೆ ಆನ್ ಆಗುತ್ತದೆ, ಕೆಲವು ನಿಮಿಷ ತೆಗೆದುಕೊಳ್ಳುತ್ತದೆ, ಅಂಗಡಿಯಿಂದ ತಂದ ದಿನ ಕೇಳಿದಂತೆ ಯಾವ ಭಾಷೆ ಎಂದು ಕೇಳುತ್ತದೆ. ಆ ನಡುವೆ ಪ್ಲಗ್ ಕೀಳಬಾರದು.

ಭಾಷೆ ಕೇಳುವ ಪರದೆ ಬಂದಿತೆಂದರೆ ನಿಮ್ಮ ಕೆಲಸ ಅಲ್ಲಿಗೆ ನಿಲ್ಲಬೇಕು. ಇಷ್ಟೆಲ್ಲ ಸರಿಯಾಗಿ ಮಾಡಿದವರೂ ಆಮೇಲೆ ಕೆಡಿಸಿಕೊಳ್ಳುತ್ತಾರೆ: ಕೊಳ್ಳುವವರು ಬಂದು "ಒಂದ್ಸಲ ಯೂಟ್ಯೂಬ್ ಹಾಕಿ ತೋರ್ಸಿ ಸಾರ್" ಎಂದರೆ, ಮುಖ ನೋಡಿ ಇಲ್ಲವೆನ್ನಲಾಗದೆ ಮತ್ತೆ ತಮ್ಮ ಮೊಬೈಲ್‌ನಿಂದಲೇ ಲಾಗಿನ್ ಮಾಡಿ ತೋರಿಸುತ್ತಾರೆ. ಪರದೆ ಚೆನ್ನಾಗಿದೆ ಎಂದು ತೋರಿಸಲು ಲಾಗಿನ್ ಬೇಕಿಲ್ಲ. ಗೂಗಲ್ ಟಿವಿಯಲ್ಲಿ ಮೊದಲ ಸೆಟಪ್ ವೇಳೆ "Set up basic TV" ಆರಿಸಿದರೆ ಖಾತೆಯೇ ಇಲ್ಲದೆ ಟಿವಿ ತೆರೆದುಕೊಳ್ಳುತ್ತದೆ. ಕೇಬಲ್ ಅಥವಾ ಡಿಶ್ ಬಾಕ್ಸ್ ಸಿಕ್ಕಿಸಿ ಒಂದು ಚಾನೆಲ್ ಹಾಕಿದರೆ ಚಿತ್ರ, ಸದ್ದು ಎರಡೂ ಗೊತ್ತಾಗುತ್ತವೆ.

ರಿಸೆಟ್ ಒಂದನ್ನೇ ಮಾಡಿದರೆ ಸಾಲದೇ, ಆ್ಯಪ್‌ಗಳಿಂದ ಬೇರೆ ಬೇರೆಯಾಗಿ ಯಾಕೆ ಹೊರಬರಬೇಕು ಎಂದು ಕೇಳಬಹುದು. ಟಿವಿಯನ್ನು ಪಡೆದವರು ನಿಮ್ಮ ಖಾತೆಗೆ ಹೋಗದಂತೆ ತಡೆಯಲು ರಿಸೆಟ್ ಸಾಕು, ನಿಜ. ಆದರೆ ಅದು ಟಿವಿಯ ತುದಿಯನ್ನಷ್ಟೇ ಅಳಿಸುತ್ತದೆ. ಕಂಪನಿಯ ಲೆಕ್ಕದಲ್ಲಿ ಆ ಟಿವಿ ಇನ್ನೂ ನಿಮ್ಮ ಸಾಧನವಾಗಿಯೇ ಉಳಿದಿರಬಹುದು. ಭಾರತದಲ್ಲಿ ಪ್ರೈಮ್ ವಿಡಿಯೊ 2025ರ ಜನವರಿಯಿಂದ ಒಂದು ಖಾತೆಗೆ ಐದು ಸಾಧನ, ಅದರಲ್ಲಿ ಟಿವಿ ಎರಡೇ ಎಂಬ ಮಿತಿ ಹಾಕಿದೆ. ಕೊಟ್ಟುಬಿಟ್ಟ ಟಿವಿಯ ಹೆಸರನ್ನು ಪಟ್ಟಿಯಲ್ಲಿ ಉಳಿಸಿಕೊಂಡು, ಹೊಸ ಟಿವಿಗೆ ಜಾಗವಿಲ್ಲವೆಂದು ಪರದಾಡುವ ಅಗತ್ಯವಿಲ್ಲ. ಅದಲ್ಲದೆ, ಸತ್ತ ಟಿವಿಗಳೇ ತುಂಬಿದ ಪಟ್ಟಿಯಲ್ಲಿ ಯಾರೋ ಅಪರಿಚಿತರು ಸೇರಿಕೊಂಡರೆ ಕಣ್ಣಿಗೆ ಬೀಳುವುದೂ ಕಷ್ಟ.

ಈಗ ಪರದೆ ಕೆಟ್ಟ ಟಿವಿಗೆ ಬರೋಣ. ಒಡೆದಿಲ್ಲ, ಸದ್ದು ಬರುತ್ತಿದೆ, ಚಿತ್ರ ಮಾತ್ರ ಕಪ್ಪು ಎಂದಾದರೆ ಬಹುಮಟ್ಟಿಗೆ ಅದು ಬ್ಯಾಕ್‌ಲೈಟ್ ಹೋದ ಎಲ್‌ಇಡಿ ಟಿವಿ. ಮೆಕ್ಯಾನಿಕ್‌ಗಳು ಕೋಣೆಯನ್ನು ಕತ್ತಲೆ ಮಾಡಿ ಮೊಬೈಲ್ ಟಾರ್ಚನ್ನು ಪರದೆಯ ಹತ್ತಿರ ಓರೆಯಾಗಿ ಹಿಡಿದು ನೋಡುತ್ತಾರೆ. ಹಿಂದಿನ ಬೆಳಕು ಹೋಗಿದ್ದರೂ ಚಿತ್ರ ಮಸುಕಾಗಿ ಅಲ್ಲೇ ಇರುತ್ತದೆ. ತಾಳ್ಮೆ ಇದ್ದರೆ ಆ ಟಾರ್ಚಿನ ಬೆಳಕಿನಲ್ಲೇ ಮೆನು ಓದುತ್ತ ರಿಸೆಟ್‌ವರೆಗೆ ಹೋಗಬಹುದು. ಒಬ್ಬರು ಟಾರ್ಚು, ಒಬ್ಬರು ರಿಮೋಟು.

ಗಾಜೇ ಸೀಳಿದ್ದರೆ, ಅಥವಾ ಟಿವಿ ಆಗಲೇ ಮನೆಯಿಂದ ಹೋಗಿದ್ದರೆ, ಮೊಬೈಲ್ ಅಥವಾ ಲ್ಯಾಪ್‌ಟಾಪ್‌ನಿಂದ ಕಂಪನಿಯ ತುದಿಯನ್ನು ಕತ್ತರಿಸಬೇಕು. ನೆಟ್‌ಫ್ಲಿಕ್ಸ್ ಖಾತೆಯ ಪುಟದಲ್ಲಿ "Manage access and devices" ಎಂದಿದೆ. ಇತ್ತೀಚೆಗೆ ನೋಡಿದ ಸಾಧನಗಳು, ಯಾವ ಪ್ರೊಫೈಲ್, ಕಡೆಯ ಸಲ ಯಾವಾಗ, ಸುಮಾರು ಯಾವ ಊರಿನಿಂದ ಎಂಬುದೆಲ್ಲ ಅಲ್ಲಿರುತ್ತದೆ. ನಾನು ಹೇಳಿದ ಮನೆಯವರು ಭಾವಮೈದನನ್ನು ಬಿಟ್ಟು ಮೊದಲು ಇದನ್ನು ನೋಡಿದ್ದರೆ, ತಮ್ಮ ಮನೆಯಲ್ಲಿಲ್ಲದ ಟಿವಿ ಹಿಂದಿನ ರಾತ್ರಿಯವರೆಗೂ ಸಿನಿಮಾ ನೋಡಿದ್ದು ಕಾಣುತ್ತಿತ್ತು. ಆ ಒಂದನ್ನೇ ಆರಿಸಿ ಹೊರಹಾಕಬಹುದು. ಊರಿನ ಹೆಸರನ್ನು ಮಾತ್ರ ಪೂರ್ತಿ ನಂಬಬಾರದು; ಅದು ಇಂಟರ್ನೆಟ್ ಸಂಪರ್ಕದಿಂದ ಊಹಿಸಿದ್ದು, ಮೈಸೂರಿನ ಮನೆಯನ್ನು ಬೆಂಗಳೂರು ಎಂದು ತೋರಿಸಿದರೂ ತೋರಿಸಬಹುದು. ದಿನಾಂಕ ಹೆಚ್ಚು ಭರವಸೆಯದು. ಪ್ರೈಮ್ ವಿಡಿಯೊದ ವೆಬ್‌ಸೈಟಿನಲ್ಲಿ "Your Devices" ಪಟ್ಟಿಯಿದ್ದು ಪ್ರತಿ ಸಾಧನದ ಎದುರು "Deregister" ಎಂದಿರುತ್ತದೆ. ಜಿಯೋಹಾಟ್‌ಸ್ಟಾರ್‌ನಲ್ಲೂ ಮೊಬೈಲ್ ಆ್ಯಪ್‌ನ ಸೆಟಿಂಗ್ಸ್ ಒಳಗೆ ಇತರ ಸಾಧನಗಳಿಂದ ಲಾಗ್‌ಔಟ್ ಆಗುವ ದಾರಿಯಿದೆ.

ಗೂಗಲ್‌ನಲ್ಲಿ ಎರಡು ಕಡೆ ನೋಡಬೇಕು. ಗೂಗಲ್ ಟಿವಿ, ಆಂಡ್ರಾಯ್ಡ್ ಟಿವಿಗಳು myaccount.google.com ಪುಟದ "Your devices" ಪಟ್ಟಿಯಲ್ಲಿ ಮೊಬೈಲ್‌ಗಳ ಜತೆ ಸಿಗುತ್ತವೆ. ಸ್ಯಾಮ್‌ಸಂಗ್, ಎಲ್‌ಜಿ ಟಿವಿಗಳಲ್ಲಿ ಇರುವುದು ಯೂಟ್ಯೂಬ್ ಆ್ಯಪ್ ಮಾತ್ರ. ಆದ್ದರಿಂದ ಅವು ಅಲ್ಲಿ ಕಾಣಿಸದಿದ್ದರೆ myaccount.google.com/permissions ಪುಟದಲ್ಲಿ "YouTube on TV" ಎಂಬ ಹೆಸರನ್ನು ಹುಡುಕಿ ಅದರ ಪ್ರವೇಶ ತೆಗೆಯಬೇಕು. ಹಾಗೆ ಮಾಡಿದಾಗ ಮನೆಯಲ್ಲಿ ಉಳಿದ ಟಿವಿಯೂ ಹೊರಬೀಳುತ್ತದೆ. ಅದಕ್ಕೆ ಮತ್ತೆ ಕೋಡ್ ಹಾಕಿಕೊಂಡರಾಯಿತು.

ನೆಟ್‌ಫ್ಲಿಕ್ಸ್ ಉಳಿದರೆ ಯಾರೋ ನಾಲ್ಕು ಸಿನಿಮಾ ನೋಡಿಯಾರು, ನಮ್ಮ ಎರಡು ಸ್ಕ್ರೀನಿನ ಪ್ಲಾನಿನಲ್ಲಿ ಒಂದನ್ನು ತಿಂದಾರು. ಗೂಗಲ್ ಖಾತೆ ಉಳಿಯುವುದು ಬೇರೆಯೇ ಮಾತು. ಟಿವಿಯಲ್ಲಿ ಜಿಮೇಲ್ ಆ್ಯಪ್ ಇಲ್ಲವಲ್ಲ ಎಂದು ನಾವು ನಿಶ್ಚಿಂತರಾಗಿರುತ್ತೇವೆ. ಆದರೆ 2024ರ ಏಪ್ರಿಲ್‌ನಲ್ಲಿ ಅಮೆರಿಕದ 404 ಮೀಡಿಯಾ ಸುದ್ದಿತಾಣ ಒಂದು ವರದಿ ಮಾಡಿತು. ಆಂಡ್ರಾಯ್ಡ್ ಟಿವಿ ಕೈಗೆ ಸಿಕ್ಕವರು ಅದಕ್ಕೆ ಹೊರಗಿನಿಂದ ಕ್ರೋಮ್ ಬ್ರೌಸರ್ ಹಾಕಿದರೆ, ಆ ಟಿವಿಯಲ್ಲಿರುವ ಖಾತೆಯ ಮೂಲಕ ಪಾಸ್‌ವರ್ಡ್ ಇಲ್ಲದೆ ಜಿಮೇಲ್ ಓದಬಹುದು ಎಂಬುದು ಅದರ ಸಾರ. ಸೆನೆಟರ್ ರಾನ್ ವೈಡನ್ ಅವರ ಕಚೇರಿಯೂ ಗೂಗಲ್ ಅನ್ನು ಈ ಬಗ್ಗೆ ಪ್ರಶ್ನಿಸಿತು. ಹೊಸ ಸಾಫ್ಟ್‌ವೇರ್ ಇರುವ ಹೆಚ್ಚಿನ ಟಿವಿಗಳಲ್ಲಿ ಇದು ಆಗಲೇ ಸಾಧ್ಯವಿಲ್ಲ, ಉಳಿದವಕ್ಕೂ ಸರಿಪಡಿಸುತ್ತಿದ್ದೇವೆ ಎಂದು ಗೂಗಲ್ ಹೇಳಿತು. ಮಾರಾಟಕ್ಕೆ ಹೋಗುವವು ಮಾತ್ರ ಸಾಮಾನ್ಯವಾಗಿ ವರ್ಷಗಳಿಂದ ಅಪ್‌ಡೇಟ್ ಕಾಣದ ಟಿವಿಗಳು. ಬ್ಯಾಂಕಿನ ಸ್ಟೇಟ್‌ಮೆಂಟ್ ಬರುವ, ಬೇರೆಲ್ಲ ಪಾಸ್‌ವರ್ಡುಗಳನ್ನು ರಿಸೆಟ್ ಮಾಡಲು ಬಳಸುವ ಜಿಮೇಲನ್ನು ಅಂಥದರಲ್ಲಿ ಬಿಟ್ಟು ಕಳುಹಿಸುವುದು ನನಗಂತೂ ಒಪ್ಪಿಗೆಯಿಲ್ಲ. ಟಿವಿಗೆಂದೇ ಬೇರೊಂದು ಗೂಗಲ್ ಖಾತೆ ಮಾಡಿಕೊಂಡವರಿಗೆ ಈ ತಲೆನೋವಿಲ್ಲ.

ನಮ್ಮವರಿಗೇ ಉಡುಗೊರೆ ಕೊಡುವಾಗ ಲೆಕ್ಕ ಬೇರೆ ಅನಿಸುತ್ತದೆ. "ಇರ್ಲಿ ಬಿಡೇ, ಅಮ್ಮ ನೋಡ್ಕೊಳ್ಳಲಿ" ಎಂದು ಲಾಗಿನ್ ಸಮೇತ ಊರಿಗೆ ಕಳಿಸುವವರು ಬಹಳ. ನೆಟ್‌ಫ್ಲಿಕ್ಸ್‌ನಲ್ಲಿ ಆ ಉಪಕಾರ ಹೆಚ್ಚು ದಿನ ನಡೆಯುವುದಿಲ್ಲ. 2023ರ ಜುಲೈನಲ್ಲಿ ಕಂಪನಿ ಭಾರತದಲ್ಲೂ ಪಾಸ್‌ವರ್ಡ್ ಹಂಚಿಕೆಗೆ ತಡೆ ಹಾಕಿತು. ಈಗ ಖಾತೆಗೆ ಒಂದೇ ಮನೆ. ಆ ಮನೆಯನ್ನು ಗುರುತಿಸುವುದು ಟಿವಿ ಇರುವ ಇಂಟರ್ನೆಟ್ ಸಂಪರ್ಕದಿಂದ. ಹಾಸನಕ್ಕೆ ಹೋದ ಟಿವಿ ನಿಮ್ಮ ಮನೆಯದಲ್ಲ ಎಂದು ಒಂದು ದಿನ ಅದು ನಿಲ್ಲಿಸಬಹುದು, ಆಗ ಅಮ್ಮ ಫೋನ್ ಮಾಡುತ್ತಾರೆ, ನೀವು ಆಫೀಸಿನ ಮೀಟಿಂಗಿನಲ್ಲಿರುತ್ತೀರಿ. ಯೂಟ್ಯೂಬ್ ಲಾಗಿನ್ ಬಿಟ್ಟುಕೊಟ್ಟರೆ ಅಲ್ಲಿಯ ಹುಡುಕಾಟವೆಲ್ಲ ಇಲ್ಲಿಯ ಫೋನಿಗೆ, ಇಲ್ಲಿಯದೆಲ್ಲ ಅಲ್ಲಿಗೆ. ಮೊಣಕಾಲು ನೋವಿಗೆ ಅಪ್ಪ ಏನೇನು ಮದ್ದು ಹುಡುಕಿದರು ಎಂಬುದು ನಿಮಗೂ, ಕೆಲಸ ಬಿಡುವ ಬಗ್ಗೆ ನೀವು ನೋಡಿದ ವಿಡಿಯೊಗಳು ಅವರಿಗೂ ಗೊತ್ತಾಗುವುದು ಇಬ್ಬರಿಗೂ ಬೇಕಿರುವುದಿಲ್ಲ. ಖಾಲಿ ಇದ್ದಾಗ ನಿಮ್ಮ ಗೂಗಲ್ ಫೋಟೊಸ್‌ನ ಚಿತ್ರಗಳನ್ನು ತೋರಿಸುವಂತೆ ಟಿವಿಯನ್ನು ಹೊಂದಿಸಿದ್ದರೆ ಅವೂ ಅಲ್ಲಿಯ ಹಾಲಿನಲ್ಲಿ ಓಡುತ್ತಿರುತ್ತವೆ. ಅಮ್ಮನ ಮನೆಯವರೂ ಮುಂದೊಂದು ದಿನ ಆ ಟಿವಿಯನ್ನು ಎಕ್ಸ್‌ಚೇಂಜ್‌ಗೆ ಹಾಕುತ್ತಾರೆ. ಆಗ ಅದರಲ್ಲಿ ನಿಮ್ಮ ಹೆಸರಿದೆ ಎಂಬುದು ಅವರ ತಲೆಗೆ ಹೊಳೆಯುವುದು ಕಷ್ಟ. ರಿಸೆಟ್ ಮಾಡಿಯೇ ಕೊಟ್ಟು, ಅಲ್ಲಿಗೆ ಹೋದಾಗ ಅವರದೇ ಜಿಮೇಲ್, ಅವರದೇ ನಂಬರಿನಿಂದ ಲಾಗಿನ್ ಮಾಡಿಕೊಡುವುದು ಸರಿ. ಚಂದಾ ಉಡುಗೊರೆ ಕೊಡಬೇಕೆನಿಸಿದರೆ ಅವರ ಹೆಸರಿನಲ್ಲೇ ಕಟ್ಟಬಹುದು.

ಇನ್ನೊಂದು ವಸ್ತು ಉಳಿಯಿತು. ಹಳೆಯ ಟಿವಿಗೆ ಸ್ಮಾರ್ಟ್ ಸೌಲಭ್ಯ ಸಾಲದೆಂದು ಫೈರ್ ಟಿವಿ ಸ್ಟಿಕ್ ಹಾಕಿಕೊಂಡವರು ಇದ್ದಾರೆ. ಅದು ಟಿವಿಯ ಬೆನ್ನಿನ ಎಚ್‌ಡಿಎಂಐ ಕಿಂಡಿಯಲ್ಲಿ ಗೋಡೆಯ ಕಡೆ ಅವಿತಿರುತ್ತದೆ, ಟಿವಿಯ ಜತೆಗೇ ಬೆಡ್‌ಶೀಟಿನೊಳಗೆ ಹೋಗಿಬಿಡುತ್ತದೆ. ಅದರ ಖಾತೆಗಳೆಲ್ಲ ಅದರದೇ ಮೆಮೊರಿಯಲ್ಲಿರುವುದರಿಂದ ಟಿವಿಗೆ ಮಾಡಿದ ರಿಸೆಟ್ ಅದನ್ನು ಮುಟ್ಟುವುದೇ ಇಲ್ಲ. ಸ್ಟಿಕ್ ಸಮೇತ ಕೊಡುವುದಾದರೆ Settings, My Fire TV, ಅದರೊಳಗಿನ "Reset to Factory Defaults" ಒತ್ತಿ ಕೊಡಬೇಕು. ಗೊತ್ತಿಲ್ಲದೆ ಹೋಗಿದ್ದರೆ ಅಮೆಜಾನ್ ಖಾತೆಯಲ್ಲಿ "Manage Your Content and Devices" ತೆರೆದು, Devices ಪಟ್ಟಿಯಲ್ಲಿ ಆ ಸ್ಟಿಕ್ಕನ್ನು ಹುಡುಕಿ "Deregister" ಮಾಡಿದರೆ ಅದು ಯಾರ ಕೈಯಲ್ಲಿದ್ದರೂ ನಿಮ್ಮ ಅಮೆಜಾನ್ ಖಾತೆಯಿಂದ ಬಿಡುಗಡೆಯಾಗುತ್ತದೆ. ಅದರಲ್ಲಿದ್ದ ನೆಟ್‌ಫ್ಲಿಕ್ಸ್‌ಗೂ ಯೂಟ್ಯೂಬಿಗೂ ಮಾತ್ರ ಮೇಲೆ ಹೇಳಿದ ಪಟ್ಟಿಗಳಿಗೇ ಇನ್ನೊಮ್ಮೆ ಹೋಗಬೇಕು.